ಯಾರ ಕ್ರಿಯೆಗೆ ಯಾವ ರೂಪ: ಜಪಾನಿ ಗ್ರಾಹಕರಿಗೆ ಒಂದು ಉತ್ತರ

ಒಸಾಕಾದ ಗ್ರಾಹಕಿಯೊಬ್ಬರು ಆನ್‌ಲೈನ್ ಅಂಗಡಿಯಿಂದ ಪಿಂಗಾಣಿ ಬಟ್ಟಲುಗಳ ಸೆಟ್ ತರಿಸಿಕೊಂಡಿದ್ದಾರೆ ಎಂದಿಟ್ಟುಕೊಳ್ಳಿ. ಜಪಾನಿನಲ್ಲಿ ಬಟ್ಟಲು, ತಟ್ಟೆಗಳನ್ನು ಐದರ ಸೆಟ್ಟಾಗಿ ಮಾರುವುದು ಹಳೆಯ ರೂಢಿ. ಡಬ್ಬಿ ಬಿಚ್ಚಿ ನೋಡಿದರೆ ಐದರಲ್ಲಿ ಒಂದು ಒಡೆದಿದೆ. ಅವರು ಫೋಟೊ ತೆಗೆದು ಅಂಗಡಿಗೆ ಮೇಲ್ ಮಾಡಿದ್ದಾರೆ. ಅಂಗಡಿಯ ಗ್ರಾಹಕ ಸೇವೆಯಲ್ಲಿ ಕೂತವರು ಈಗ ಉತ್ತರ ಬರೆಯಬೇಕು. ಹೇಳಬೇಕಾದ್ದು ಹೆಚ್ಚೇನಿಲ್ಲ: ನಿಮ್ಮ ದೂರು ತಲುಪಿತು, ಫೋಟೊ ನೋಡಿದೆವು, ನಮ್ಮ ವಿಭಾಗದ ಮುಖ್ಯಸ್ಥರೂ ಬೇಸರಪಟ್ಟಿದ್ದಾರೆ, ಬದಲಿ ಬಟ್ಟಲು ಕಳಿಸುತ್ತೇವೆ, ಒಡೆದದ್ದನ್ನು ಒಯ್ಯಲು ಕೊರಿಯರ್‌ನವರು ಬರುತ್ತಾರೆ, ಅಲ್ಲಿಯವರೆಗೆ ದಯವಿಟ್ಟು ಕಾಯಿರಿ.

ಈ ಉತ್ತರ ಬರೆಯುವವರು ಜಪಾನಿನಲ್ಲೇ ಇರಬೇಕೆಂದಿಲ್ಲ. ಜಪಾನಿ ಕಂಪನಿಗಳ ಕೆಲಸ ಮಾಡುವ ತಂಡಗಳು ಬೆಂಗಳೂರಿನಲ್ಲೂ ಇವೆ. ಅಲ್ಲಿ ಜಪಾನಿ ಕಲಿತ ಕನ್ನಡದ ಹುಡುಗ ಹುಡುಗಿಯರು ದಿನವೂ ಇಂಥ ಮೇಲ್‌ಗಳನ್ನು ಬರೆಯುತ್ತಾರೆ. ಅವರಲ್ಲಿ ಬಹಳ ಜನ ಜೆಎಲ್‌ಪಿಟಿ ಎಂಬ ಜಪಾನಿ ಪ್ರಾವೀಣ್ಯ ಪರೀಕ್ಷೆಯ ಮೇಲಿನ ಹಂತಗಳನ್ನು ದಾಟಿದವರು. ಆದರೆ ಆ ಪರೀಕ್ಷೆಯಲ್ಲಿ ಓದುವುದು, ಕೇಳಿಸಿಕೊಳ್ಳುವುದು ಇದೆಯೇ ಹೊರತು ಸ್ವಂತ ವಾಕ್ಯ ಬರೆಯುವ ಭಾಗವೇ ಇಲ್ಲ. ಹಾಗಾಗಿ ಗೌರವದ ರೂಪಗಳನ್ನು ನೋಡಿ ಗುರುತಿಸಬಲ್ಲವರು ಬರೆಯುವಾಗ ಎಡವುತ್ತಾರೆ. ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ವಿನಯ ಕಡಿಮೆಯಾಯಿತೆಂದು ಅಲ್ಲ, ವಿನಯ ತಪ್ಪಾದ ಕಡೆಗೆ ಮುಖ ಮಾಡಿತೆಂದು.

ಜಪಾನಿಯಲ್ಲಿ ಗೌರವದ ಭಾಷೆಗೆ ಕೇಗೊ ಎನ್ನುತ್ತಾರೆ. ಅದರ ಕ್ರಿಯಾಪದಗಳಲ್ಲಿ ಎರಡು ದಾರಿಗಳಿವೆ. ಎದುರಿನವರು ಮಾಡುವ ಕೆಲಸವನ್ನು ಮೇಲಕ್ಕೆತ್ತಿ ಹೇಳುವುದು ಸೊನ್ಕೇಗೊ. ಇದನ್ನು ಗೌರವರೂಪ ಎನ್ನೋಣ. ನಾವು ಮಾಡುವ ಕೆಲಸವನ್ನು ತಗ್ಗಿಸಿ ಹೇಳಿ, ಅದರಿಂದ ಎದುರಿನವರನ್ನು ಎತ್ತುವುದು ಕೆಂಜೋಗೊ, ಇದು ವಿನಯರೂಪ. ಇವೆರಡರ ಜೊತೆಗೆ, ಯಾರನ್ನೂ ಎತ್ತದೆ ಇಳಿಸದೆ ವಾಕ್ಯವನ್ನು ಮರ್ಯಾದೆಯಾಗಿ ಮುಗಿಸುವ ‘ದೆಸು’, ‘ಮಸು’ಗಳ ಸೌಜನ್ಯರೂಪವಿದೆ. ‘ನೋಡು’ ಎಂಬ ಕ್ರಿಯಾಪದವನ್ನೇ ತೆಗೆದುಕೊಳ್ಳಿ. ಸಾಮಾನ್ಯ ರೂಪ ‘ಮಿರು’. ಗ್ರಾಹಕರು ನೋಡಿದರೆ ‘ಗೊರನ್ ನಿ ನರು’. ನಾವು ಅವರದ್ದೇನನ್ನೋ ನೋಡಿದರೆ ‘ಹೈಕೆನ್ ಸುರು’. ಮೂರಕ್ಕೂ ಅರ್ಥ ನೋಡುವುದೇ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ‘ಹೇಳು’ ಎಂಬುದಕ್ಕೂ ಹೀಗೆಯೇ: ಗ್ರಾಹಕರು ಹೇಳಿದರೆ ‘ಒಶ್ಶರು’, ನಾವು ಹೇಳಿದರೆ ‘ಮೋಸು’.

ಕನ್ನಡಿಗರಿಗೆ ಗೌರವವಾಚಕ ಹೊಸದಲ್ಲ. ಬಾ, ಬನ್ನಿ, ದಯಮಾಡಿಸಿ ಎನ್ನುವಾಗಿನ ಏರಿಕೆ ನಮಗೆ ಗೊತ್ತು. ಆದರೆ ಜಪಾನಿಯಲ್ಲಿ ಈ ರೂಪಗಳು ಇನ್ನೊಂದು ಕೆಲಸವನ್ನೂ ಹೊರುತ್ತವೆ. ಕನ್ನಡದಲ್ಲಿ ‘ಕಳಿಸಿದೆವು’ ಎಂದರೆ ನಾವು, ‘ಕಳಿಸಿದಿರಿ’ ಎಂದರೆ ನೀವು. ಕರ್ತೃವನ್ನು ಹೇಳದಿದ್ದರೂ ಕ್ರಿಯಾಪದದ ಬಾಲ ಹೇಳುತ್ತದೆ. ಜಪಾನಿಯ ಕ್ರಿಯಾಪದಕ್ಕೆ ಆ ಬಾಲವಿಲ್ಲ. ‘ಒಕುತ್ತ’ ಎಂದರೆ ಕಳಿಸಿದ್ದು ಎಂದಷ್ಟೇ; ನಾನೋ, ನೀವೋ, ಅವರೋ ತಿಳಿಯದು. ಅದರ ಮೇಲೆ ಜಪಾನಿ ಬರವಣಿಗೆಯಲ್ಲಿ ನಾನು, ನೀವು ಎಂಬ ಪದಗಳನ್ನು ಬಿಟ್ಟೇ ಬರೆಯುತ್ತಾರೆ. ಗ್ರಾಹಕರಿಗೆ ‘ಅನತ’, ಅಂದರೆ ನೀವು, ಎಂದು ಬರೆಯುವಂತೆಯೇ ಇಲ್ಲ. ಹೆಸರಿನ ಮುಂದೆ ‘ಸಮಾ’ ಸೇರಿಸಿ ಕರೆಯಬೇಕು. ಹೀಗಿರುವಾಗ ಕೆಲಸ ಯಾರದ್ದೆಂದು ಓದುವವರಿಗೆ ತಿಳಿಯುವುದು ಹೇಗೆ? ಕೇಗೊದ ರೂಪದಿಂದಲೇ. ಎತ್ತಿದ ರೂಪ ಬಂದರೆ ಮಾಡಿದ್ದು ಗ್ರಾಹಕರು, ತಗ್ಗಿಸಿದ ರೂಪ ಬಂದರೆ ಮಾಡಿದ್ದು ನಾವು. ಅಂದಮೇಲೆ ರೂಪ ತಪ್ಪಿದರೆ ಮರ್ಯಾದೆ ಮಾತ್ರವಲ್ಲ, ಸಂಗತಿಯೇ ತಪ್ಪುತ್ತದೆ.

ನಮ್ಮ ಬಟ್ಟಲಿನ ಮೇಲ್‌ಗೆ ಬರೋಣ. ಗ್ರಾಹಕಿಯ ಹೆಸರು ತನಾಕಾ, ಅಂಗಡಿಯ ವಿಭಾಗದ ಮುಖ್ಯಸ್ಥರು ಸುಜುಕಿ ಎಂದಿಟ್ಟುಕೊಳ್ಳೋಣ. ಎರಡೂ ಮಾದರಿಗಾಗಿ ಇಟ್ಟ ಹೆಸರುಗಳು. ಎರಡು ವರ್ಷ ಜಪಾನಿ ಕಲಿತ ಒಬ್ಬರು ಕರಡು ಬರೆದಿದ್ದಾರೆ. ಇಂಥ ಕರಡುಗಳನ್ನು ತಿದ್ದುವವರಿಗೆ ಅದರಲ್ಲಿನ ಒಂದೊಂದು ತಪ್ಪೂ ಪರಿಚಿತವೇ.

ಮೊದಲ ವಾಕ್ಯದಲ್ಲಿ ‘ತಾವು ಹೇಳಿದ ವಿಷಯ’ ಎನ್ನಲು ‘ಮೋಸರೆತ’ ಎಂದಿದೆ. ಬರೆದವರ ಲೆಕ್ಕಾಚಾರ ಊಹಿಸಬಹುದು. ಹೇಳು ಎಂಬುದಕ್ಕೆ ಮರ್ಯಾದೆಯ ಪದ ‘ಮೋಸು’ ಎಂದು ಓದಿದ್ದಾರೆ. ಅದಕ್ಕೆ ಗೌರವ ಸೂಚಿಸುವ ‘ರೆರು’ ಎಂಬ ಪ್ರತ್ಯಯವನ್ನೂ ಹಚ್ಚಿದರೆ ಇನ್ನೂ ಒಳ್ಳೆಯದೆಂದುಕೊಂಡಿದ್ದಾರೆ. ಆದರೆ ‘ಮೋಸು’ ನಮ್ಮ ಮಾತಿಗೆ ಮೀಸಲಾದ ತಗ್ಗಿಸುವ ಪದ. ಬುಡದಲ್ಲಿ ಗ್ರಾಹಕರನ್ನು ತಗ್ಗಿಸಿ, ತುದಿಯಲ್ಲಿ ಎತ್ತಿದಂತಾಯಿತು. ಅದು ‘ಒಶ್ಶತ್ತ’ ಆಗಬೇಕು. ಇಲ್ಲವೇ ‘ಗೊರೆನ್ರಕು ಇತದೈತ’ ಎನ್ನಬಹುದು, ತಾವು ನಮಗೆ ತಿಳಿಸಿಕೊಟ್ಟ ಎಂಬ ಅರ್ಥದಲ್ಲಿ. ಬರವಣಿಗೆಯಲ್ಲಿ ಎರಡನೆಯದೇ ಹೆಚ್ಚು ಹಿತ. ಅದೇ ವಾಕ್ಯದ ಕೊನೆಯಲ್ಲಿ ‘ಅರ್ಥವಾಯಿತು’ ಎನ್ನಲು ‘ರ್ಯೋಕೈ ಶಿಮಶಿತ’ ಎಂದಿದೆ. ಸಹೋದ್ಯೋಗಿಗಳ ನಡುವೆ ನಡೆಯುವ ಪದ ಅದು. ಗ್ರಾಹಕರಿಗೆ ‘ಶೋಚಿ ಇತಶಿಮಶಿತ’ ಎನ್ನುವುದು ವ್ಯವಹಾರದ ರೂಢಿ.

ಎರಡನೆಯ ವಾಕ್ಯದ ತಪ್ಪನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಸಂಗತಿ ಉಲ್ಟಾ ಆಗುವುದು ಇಲ್ಲಿಯೇ. ‘ತಾವು ಕಳಿಸಿದ ಫೋಟೊ’ ಎನ್ನಲು ‘ಒ-ಒಕುರಿ ಶಿತ’ ಎಂದು ಬರೆದಿದ್ದಾರೆ. ಕ್ರಿಯಾಪದದ ಮುಂದೆ ‘ಒ’ ಸೇರಿದ್ದರಿಂದ ಅದು ಗೌರವದ್ದೆಂದು ಅವರ ಭಾವನೆ. ಆದರೆ ‘ಒ’ ಬಂದು, ಹಿಂದೆ ‘ಸುರು’ ಬಂದರೆ ಅದು ವಿನಯರೂಪ. ‘ಒ’ ಬಂದು, ಹಿಂದೆ ‘ನಿ ನರು’ ಬಂದರೆ ಮಾತ್ರ ಗೌರವರೂಪ. ಮುಂದಿನ ‘ಒ’ ಎರಡಕ್ಕೂ ಸಮಾನ. ತೀರ್ಮಾನ ಮಾಡುವುದು ಬಾಲ. ತನಾಕಾ ಅವರು ಈ ವಾಕ್ಯವನ್ನು ಓದಿದರೆ ಅದು ‘ನಾವು ತಮಗೆ ಕಳಿಸಿದ ಫೋಟೊ’ ಎಂದಾಗುತ್ತದೆ. ಅಂಗಡಿಯವರು ಯಾವ ಫೋಟೊ ಕಳಿಸಿದರು ಎಂದು ಅವರು ಒಂದು ಕ್ಷಣ ಇನ್‌ಬಾಕ್ಸ್ ಹುಡುಕಿದರೂ ಆಶ್ಚರ್ಯವಿಲ್ಲ. ಇದು ‘ಒ-ಒಕುರಿ ಕುದಸತ್ತ’ ಎಂದೋ ‘ಒ-ಒಕುರಿ ಇತದೈತ’ ಎಂದೋ ಆಗಬೇಕು. ಮೊದಲನೆಯದರಲ್ಲಿ ತಾವು ದಯೆಯಿಟ್ಟು ಕಳಿಸಿದಿರಿ ಎಂದು ಗ್ರಾಹಕರೇ ಕರ್ತೃ. ಎರಡನೆಯದರಲ್ಲಿ ತಾವು ಕಳಿಸಿದ ಉಪಕಾರ ನಾವು ಪಡೆದೆವು ಎಂದು ನಾವು ಕರ್ತೃ, ಆದರೆ ಕಳಿಸಿದವರು ಅವರೇ. ಎರಡೂ ಸರಿ.

ಫೋಟೊ ನೋಡಿದೆವು ಎಂಬಲ್ಲಿ ಕರಡು ‘ಹೈಕೆನ್ ಸಸೆತೆ ಇತದಕಿಮಶಿತ’ ಎನ್ನುತ್ತದೆ. ಇಲ್ಲಿ ದಿಕ್ಕು ಸರಿಯಿದೆ, ತೂಕ ಹೆಚ್ಚಾಗಿದೆ. ‘ಹೈಕೆನ್’ ತಾನೇ ಪೂರ್ತಿ ವಿನಯದ ಪದ. ಅದರ ಮೇಲೆ ‘ಸಸೆತೆ ಇತದಕು’, ಅಂದರೆ ಅಪ್ಪಣೆ ಪಡೆದು ಮಾಡಿದೆವು ಎಂಬ ಹೊದಿಕೆ ಹಾಕಿದ್ದಾರೆ. ‘ಹೈಕೆನ್ ಶಿಮಶಿತ’ ಎಂದರೆ ಸಾಕು.

ಈ ‘ಸಸೆತೆ ಇತದಕು’ ಎಂಬ ರೂಪ ಇಂದಿನ ಜಪಾನಿ ಮೇಲ್‌ಗಳಲ್ಲಿ ಎಲ್ಲೆಲ್ಲೂ ಹಬ್ಬಿದೆ. ಜಪಾನಿಗರೇ ಅದರ ಬಗ್ಗೆ ವಾದ ಮಾಡುತ್ತಾರೆ. ಜಪಾನಿನ ಸಂಸ್ಕೃತಿ ಇಲಾಖೆಯ ಸಲಹಾ ಮಂಡಳಿ 2007ರಲ್ಲಿ ‘ಕೇಗೊ ನೊ ಶಿಶಿನ್’ ಎಂಬ ಮಾರ್ಗಸೂಚಿ ಹೊರತಂದಿತು. ಅದು ಈ ರೂಪಕ್ಕೆ ಎರಡು ಷರತ್ತು ಹೇಳುತ್ತದೆ. ನಾವು ಮಾಡುವ ಕೆಲಸಕ್ಕೆ ಎದುರಿನವರ ಅಥವಾ ಬೇರೊಬ್ಬರ ಅನುಮತಿ ಬೇಕಿರಬೇಕು; ಆ ಕೆಲಸದಿಂದ ನಮಗೆ ಅನುಕೂಲವಾಗುತ್ತದೆಂಬ ಭಾವ ಇರಬೇಕು. ‘ಈ ಬಗ್ಗೆ ತಮಗೆ ಒಮ್ಮೆ ಫೋನ್ ಮಾಡಲು ಅವಕಾಶ ಕೊಡುತ್ತೀರಾ’ ಎಂದು ಕೇಳುವಾಗ ಈ ರೂಪ ಚೆನ್ನಾಗಿ ಹೊಂದುತ್ತದೆ. ಅವರ ಸಮಯ ನಮಗೆ ಬೇಕು, ಅವರು ಬೇಡವೆನ್ನಬಹುದು. ಆದರೆ ಒಡೆದ ಬಟ್ಟಲಿಗೆ ಬದಲಿ ಕಳಿಸುವುದು ಅಂಗಡಿಯ ಹೊಣೆ. ಅದಕ್ಕೆ ಗ್ರಾಹಕರ ಅಪ್ಪಣೆ ಕೇಳುವ ಮಾತೇ ಇಲ್ಲ. ಅಲ್ಲಿ ಈ ರೂಪ ಬಳಸಿದರೆ ಹೊಣೆಯನ್ನು ನುಣ್ಣಗೆ ಜಾರಿಸಿದಂತೆ ಕೇಳಿಸುತ್ತದೆ. ನಮ್ಮ ಕರಡಿನಲ್ಲಿ ಆಗಿರುವುದೂ ಇದೇ. ‘ಬದಲಿ ಕಳಿಸುತ್ತೇವೆ’ ಎನ್ನಲು ‘ಒಕುರಸಸೆತೆ ಇತದಕಿಮಸು’ ಎಂದು ಬರೆದಿದ್ದಾರೆ. ಇದರಲ್ಲಿ ಇನ್ನೊಂದು ತಪ್ಪೂ ಅಡಗಿದೆ: ವ್ಯಾಕರಣದ ಪ್ರಕಾರ ‘ಒಕುರಸೆತೆ’ ಆಗಬೇಕಿತ್ತು, ನಡುವೆ ಒಂದು ‘ಸ’ ಹೆಚ್ಚಾಗಿ ನುಸುಳಿದೆ. ಜಪಾನಿಗರ ಬಾಯಲ್ಲೂ ಬರುವ ಈ ಹೆಚ್ಚುವರಿ ‘ಸ’ವನ್ನು ಅಲ್ಲಿನ ಭಾಷಾ ಪುಸ್ತಕಗಳು ತಪ್ಪೆಂದೇ ತೋರಿಸುತ್ತವೆ. ಇಡೀ ಹೊದಿಕೆ ತೆಗೆದು ‘ಒ-ಒಕುರಿ ಇತಶಿಮಸು’ ಎಂದು ಬರೆದರೆ ವಿನಯವೂ ಉಳಿಯುತ್ತದೆ, ಮಾತೂ ಗಟ್ಟಿಯಾಗುತ್ತದೆ.

ಇನ್ನು ಮುಖ್ಯಸ್ಥರ ಮಾತು. ಕನ್ನಡಿಗರು ಇಲ್ಲಿ ತಪ್ಪುವುದು ಸಹಜ, ಏಕೆಂದರೆ ನಮ್ಮ ಒಳ್ಳೆಯ ಅಭ್ಯಾಸವೇ ಇಲ್ಲಿ ಅಡ್ಡ ಬರುತ್ತದೆ. ಹೊರಗಿನವರ ಮುಂದೆ ನಾವು ‘ನಮ್ಮ ಮ್ಯಾನೇಜರ್ ಹೇಳಿದ್ದಾರೆ’ ಎನ್ನುತ್ತೇವೆ. ‘ಹೇಳಿದ್ದಾನೆ’ ಎಂದರೆ ಕೇಳಿದವರೇ ಬೆಚ್ಚುತ್ತಾರೆ. ಯಾರ ಮುಂದೆ ಮಾತಾಡಿದರೂ ನಮ್ಮ ಹಿರಿಯರು ನಮಗೆ ಹಿರಿಯರೇ. ಜಪಾನಿಯಲ್ಲಿ ಹಾಗಲ್ಲ. ಅಲ್ಲಿ ‘ಉಚಿ’ ಎಂದರೆ ಒಳಗಿನವರು, ‘ಸೊತೊ’ ಎಂದರೆ ಹೊರಗಿನವರು. ಗ್ರಾಹಕರ ಮುಂದೆ ಇಡೀ ಕಂಪನಿ ಒಳಗಿನ ಗುಂಪು. ಕಂಪನಿಯ ಅಧ್ಯಕ್ಷರಿಂದ ಹಿಡಿದು ನಿನ್ನೆ ಸೇರಿದ ಹುಡುಗಿಯವರೆಗೆ ಎಲ್ಲರೂ ‘ನಾವು’. ಹಾಗಾಗಿ ಗ್ರಾಹಕರಿಗೆ ಬರೆಯುವಾಗ ಮುಖ್ಯಸ್ಥರ ಹೆಸರಿನ ಮುಂದೆ ‘ಸಾನ್’ ಬರಬಾರದು, ಅವರ ಕ್ರಿಯೆಗೆ ಗೌರವರೂಪ ಬರಬಾರದು. ಕರಡಿನಲ್ಲಿ ‘ಸುಜುಕಿ-ಸಾನ್ ಒಶ್ಶತ್ತೆ ಇಮಸು’ ಎಂದಿದೆ. ಅದು ‘ಬುಚೋ ನೊ ಸುಜುಕಿ’, ಅಂದರೆ ವಿಭಾಗದ ಮುಖ್ಯಸ್ಥ ಸುಜುಕಿ, ‘ಮೋಶಿತೆ ಒರಿಮಸು’ ಎಂದಾಗಬೇಕು. ಕಚೇರಿಯೊಳಗೆ ಇದೇ ಸುಜುಕಿ ಅವರೊಡನೆ ಮಾತಾಡುವಾಗ ‘ಒಶ್ಶರು’ ಎನ್ನಲೇಬೇಕು. ಗಡಿ ಅತ್ತಿತ್ತ ಸರಿಯುವುದೂ ಉಂಟು: ಸುಜುಕಿ ಅವರ ಹೆಂಡತಿ ಆಫೀಸಿಗೆ ಫೋನ್ ಮಾಡಿದರೆ, ಆಗ ಸುಜುಕಿ ಅವರ ಮನೆಯವರು ಒಂದು ಗುಂಪು, ನಾವು ಹೊರಗಿನವರು, ಅವರ ಬಗ್ಗೆ ಗೌರವರೂಪದಲ್ಲೇ ಉತ್ತರಿಸಬೇಕು. ವ್ಯಕ್ತಿ ಅದೇ, ರೂಪ ಬದಲಾಗುವುದು ಕೇಳುತ್ತಿರುವವರು ಯಾರು ಎಂಬುದರ ಮೇಲೆ.

ಬೆಂಗಳೂರಿನ ತಂಡಗಳಲ್ಲಿ ಇದನ್ನು ಒಪ್ಪಿಕೊಳ್ಳಲು ಹೊಸಬರಿಗೆ ಸಮಯ ಬೇಕಾಗುತ್ತದೆ. ಮೇಲ್‌ನ ಪ್ರತಿ ಮುಖ್ಯಸ್ಥರಿಗೂ ಹೋಗುತ್ತದೆ, ಅವರ ಹೆಸರನ್ನು ಬರಿಯದಾಗಿ ಬರೆಯಲು ಕೈ ಹಿಂಜರಿಯುತ್ತದೆ. ಆದರೆ ಜಪಾನಿ ಮುಖ್ಯಸ್ಥರು ಅದನ್ನು ನೋಡಿ ಬೇಸರಪಡುವುದಿಲ್ಲ. ‘ಸಾನ್’ ಇದ್ದರೇ ಅವರಿಗೆ ಮುಜುಗರ, ಗ್ರಾಹಕರ ಮುಂದೆ ತಮ್ಮನ್ನು ತಾವೇ ಹೊಗಳಿಕೊಂಡಂತೆ.

ಕರಡಿನ ಕೊನೆಯಲ್ಲಿ ಕೊರಿಯರ್‌ನವರ ವಿಷಯ. ‘ಬರುತ್ತಾರೆ’ ಎಂಬುದಕ್ಕೆ ‘ಉಕಗೈಮಸು’ ಎಂಬ ವಿನಯರೂಪ ಹಾಕಿದ್ದಾರೆ. ಕೊರಿಯರ್‌ನವರು ಬೇರೆ ಕಂಪನಿಯವರಾದರೂ ಅಂಗಡಿಯ ಪರವಾಗಿ ಗ್ರಾಹಕರ ಮನೆಗೆ ಹೋಗುವವರು, ಆದ್ದರಿಂದ ಇದು ಸರಿ. ಈ ‘ಉಕಗೌ’ ಎಂಬ ಪದಕ್ಕೆ ಒಂದು ಮಿತಿಯಿದೆ: ಅದು ಎತ್ತುವುದು ಹೋಗಿ ತಲುಪುವ ಜಾಗದವರನ್ನು. ತನಾಕಾ ಅವರ ಮನೆಗೆ ಹೋಗುವುದಕ್ಕೆ ಸರಿ. ಅದೇ ‘ನಾಳೆ ನಮ್ಮ ಕಾರ್ಖಾನೆಗೆ ಹೋಗಿ ಪರಿಶೀಲಿಸುತ್ತೇವೆ’ ಎನ್ನುವಾಗ ‘ಉಕಗೌ’ ಬಳಸಿದರೆ ನಮ್ಮ ಕಾರ್ಖಾನೆಗೇ ಮಣಿದಂತಾಗುತ್ತದೆ. ಅಲ್ಲಿ ‘ಮೈರಿಮಸು’ ಬೇಕು. ಅದು ತಲುಪುವ ಜಾಗವನ್ನಲ್ಲ, ಓದುತ್ತಿರುವವರನ್ನು ಗೌರವಿಸುತ್ತದೆ. 2007ರ ಮಾರ್ಗಸೂಚಿ ವಿನಯರೂಪವನ್ನು ಎರಡಾಗಿ ಒಡೆದದ್ದು ಈ ವ್ಯತ್ಯಾಸಕ್ಕಾಗಿಯೇ. ಹಳೆಯ ಶಾಲಾ ವ್ಯಾಕರಣದ ಮೂರು ವಿಭಾಗಗಳು ಅದರಲ್ಲಿ ಐದಾದವು.

ನಂತರ ಬರುವ ‘ಕಾಯಿರಿ’ ಎಂಬ ಮಾತಿಗೆ ‘ಒಮಚಿ ಶಿತೆ ಕುದಸೈ’ ಎಂದಿದೆ. ಮತ್ತೆ ಅದೇ ‘ಒ’ ಮತ್ತು ‘ಸುರು’ ಜೋಡಿ. ‘ಒಮಚಿ ಸುರು’ ಎಂದರೆ ನಾವು ತಮಗಾಗಿ ವಿನಯದಿಂದ ಕಾಯುವುದು. ಅದಕ್ಕೆ ‘ಕುದಸೈ’ ಸೇರಿಸಿದರೆ ಗ್ರಾಹಕರಿಗೆ ‘ನಮ್ಮೆದುರು ತಗ್ಗಿ ನಿಂತು ಕಾಯಿರಿ’ ಎಂದಂತೆ. ‘ಶಿತೆ’ ಎಂಬ ಎರಡೇ ಅಕ್ಷರ ತೆಗೆದರೆ ‘ಒಮಚಿ ಕುದಸೈ’, ತಪ್ಪು ಹೋಯಿತು. ಇದೇ ಕಾಯಿಲೆ ‘ಒಶಿರಸೆ ಶಿತೆ ಕುದಸೈ’ ಎಂಬಲ್ಲೂ ಕಾಣುತ್ತದೆ. ‘ಒಶಿರಸೆ ಕುದಸೈ’ ಎಂದರೆ ತಿಳಿಸಿ ಎಂದು ಸರಿಯಾದ ಗೌರವ. ಇದರ ಹತ್ತಿರದ ಬಂಧು ‘ಗೊಕಕುನಿನ್ ದೆಕಿಮಸು’. ಪಾರ್ಸೆಲ್ ಎಲ್ಲಿದೆ ಎಂದು ಈ ಪುಟದಲ್ಲಿ ನೋಡಿಕೊಳ್ಳಬಹುದು ಎನ್ನುವಾಗ ಬರೆಯುತ್ತಾರೆ. ‘ದೆಕಿರು’ ಎಂಬುದು ‘ಸುರು’ವಿನ ಸಾಮರ್ಥ್ಯರೂಪ, ಆದ್ದರಿಂದ ಇದೂ ನಮ್ಮ ಕೆಲಸವನ್ನು ತಗ್ಗಿಸುವ ಮಾತೇ. ಜಪಾನಿನ ಅಂಗಡಿಗಳ ಬೋರ್ಡುಗಳಲ್ಲೂ ಈ ಬಗೆಯ ಬಳಕೆ ಕಾಣಸಿಗುತ್ತದೆ, ಹಾಗಾಗಿ ಅದನ್ನು ನೋಡಿ ಕಲಿತವರನ್ನು ದೂರುವಂತಿಲ್ಲ. ಆದರೂ ಗ್ರಾಹಕರ ಮೇಲ್‌ನಲ್ಲಿ ‘ಗೊಕಕುನಿನ್ ಇತದಕೆಮಸು’ ಎಂದೇ ಬರೆಯುವುದು ಲೇಸು.

ದಿಕ್ಕು ಸರಿಯಾದ ಮೇಲೆ ಎತ್ತರದ ಪ್ರಶ್ನೆ ಬರುತ್ತದೆ. ‘ಒಮಚಿ ಕುದಸೈ’ ವ್ಯಾಕರಣಕ್ಕೆ ಸರಿಯಾದರೂ ಈ ಮೇಲ್‌ಗೆ ಸಾಲದು. ‘ಕುದಸೈ’ ಎಷ್ಟೇ ಮರ್ಯಾದೆಯದ್ದಾದರೂ ಅದು ಆಜ್ಞಾರೂಪ. ಬೇಡ ಎನ್ನಲು ಅವರಿಗೆ ಜಾಗ ಬಿಡುವುದಿಲ್ಲ. ಒಡೆದ ಬಟ್ಟಲು ಕಳಿಸಿದ್ದು ನಾವು. ಅದನ್ನು ಇಟ್ಟುಕೊಂಡು, ಕೊರಿಯರ್‌ನವರಿಗಾಗಿ ಮನೆಯಲ್ಲಿ ಕಾಯುವ ಹೊರೆ ಬಿದ್ದದ್ದು ಅವರ ಮೇಲೆ. ಹೀಗೆ ಹೊರೆ ಅವರದ್ದಾಗಿ ತಪ್ಪು ನಮ್ಮದಾದಾಗ, ಕೋರಿಕೆಯನ್ನು ಪ್ರಶ್ನೆಯಾಗಿ ಕೇಳಬೇಕು: ‘ಒಮಚಿ ಇತದಕೆಮಸು ಕ’, ಕಾದುಕೊಂಡಿರಲು ಸಾಧ್ಯವೇ. ಇನ್ನೂ ಮೃದುವಾಗಿ ‘ಇತದಕೆಮಸು ದೆಶೋ ಕ’ ಎಂದು ಬರೆಯುವವರೇ ಹೆಚ್ಚು. ‘ಮಸು’ ಮೇಲೆ ‘ದೆಶೋ’ ಸೇರಿದರೆ ಎರಡು ಸೌಜನ್ಯ ಒಂದೆಡೆ ಕೂಡಿತೆಂದು ಕೆಲವರು ಆಕ್ಷೇಪಿಸುತ್ತಾರೆ, ಆದರೆ ವ್ಯವಹಾರದ ಪತ್ರಗಳಲ್ಲಿ ಅದು ನೆಲೆಯೂರಿದೆ. ಕೋರಿಕೆಗೆ ಮುಂಚೆ ‘ಒತೆಸೂ ಒ ಒಕಕೆ ಶಿಮಸು ಗ’, ತಮಗೆ ತೊಂದರೆ ಕೊಡುತ್ತಿದ್ದೇವೆ ಎಂಬ ಮೆತ್ತನೆಯ ಮಾತು ಬರಬೇಕು. ತೊಂದರೆ ಕೊಡುವವರು ನಾವು, ಆದ್ದರಿಂದ ಇಲ್ಲಿ ‘ಒ’ ಮತ್ತು ‘ಸುರು’ ಜೋಡಿ ತನ್ನ ಸರಿಯಾದ ಜಾಗದಲ್ಲಿದೆ.

ಹಾಗೆಂದು ಎಲ್ಲ ಕೋರಿಕೆಗಳನ್ನೂ ಪ್ರಶ್ನೆ ಮಾಡಬೇಕಿಲ್ಲ. ‘ಬೇರೇನಾದರೂ ಇದ್ದರೆ ಸಂಕೋಚವಿಲ್ಲದೆ ಕೇಳಿ’ ಎನ್ನುವುದು ಅವರ ಅನುಕೂಲಕ್ಕಾಗಿ ಹೇಳುವ ಮಾತು. ಅಲ್ಲಿ ‘ಕುದಸೈ’ ಚೆನ್ನಾಗಿ ಒಪ್ಪುತ್ತದೆ. ‘ಕೇಳಲು ಸಾಧ್ಯವೇ’ ಎಂದರೆ ವಿಚಿತ್ರವಾಗುತ್ತದೆ. ಕೋರಿಕೆಯಿಂದ ಲಾಭ ಯಾರಿಗೆ ಎಂಬುದನ್ನು ನೋಡಿ ಎತ್ತರ ನಿರ್ಧರಿಸಬೇಕು.

ಕ್ಷಮೆಯ ಮಾತಿಗೂ ಅಳತೆಯಿದೆ. ಬಾಯಿಮಾತಿನ ‘ಸುಮಿಮಸೆನ್’ ಗ್ರಾಹಕರ ಮೇಲ್‌ಗೆ ಹಗುರ. ‘ಮೋಶಿವಕೆ ಗೊಜೈಮಸೆನ್’ ಒಂದು ಬಟ್ಟಲು ಒಡೆದದ್ದಕ್ಕೆ ತಕ್ಕ ಮಾತು. ‘ಫುಕಕು ಒವಬಿ ಮೋಶಿಅಗೆಮಸು’, ಆಳವಾಗಿ ಕ್ಷಮೆ ಬೇಡುತ್ತೇವೆ ಎಂಬುದು ಯಾರಿಗಾದರೂ ಗಾಯವಾದಾಗ, ಗ್ರಾಹಕರ ಮಾಹಿತಿ ಸೋರಿದಾಗ ಬರುವಷ್ಟು ಭಾರದ ಮಾತು. ಒಂದು ಬಟ್ಟಲಿಗೆ ಅದನ್ನು ಮೂರು ಸಲ ಬರೆದರೆ ಓದುವವರಿಗೆ ಅಂಗಡಿಯವರು ಅಚ್ಚು ಹಾಕಿದ ಮಾತು ಅಂಟಿಸಿದ್ದಾರೆ ಅನ್ನಿಸುತ್ತದೆ. ಮೊದಲಲ್ಲಿ ಒಮ್ಮೆ ಸ್ಪಷ್ಟವಾಗಿ ಕ್ಷಮೆ ಕೇಳಿ, ನೇರ ಪರಿಹಾರಕ್ಕೆ ಹೋಗಬೇಕು.

ಅತಿಯಾಗುವುದು ಒಂದೇ ಕ್ರಿಯಾಪದದೊಳಗೂ ಆಗುತ್ತದೆ. ‘ಗೊರನ್ ನಿ ನರು’ ಗೌರವರೂಪವೇ. ಅದಕ್ಕೆ ‘ರೆರು’ ಸೇರಿಸಿ ‘ಗೊರನ್ ನಿ ನರರೆರು’ ಎಂದರೆ ಗೌರವ ಎರಡಾಯಿತು. ಒಂದೇ ಪದಕ್ಕೆ ಒಂದೇ ಬಗೆಯ ಗೌರವವನ್ನು ಎರಡು ಸಲ ಹಾಕುವುದು ಸರಿಯಲ್ಲ ಎನ್ನುತ್ತದೆ ಆ ಮಾರ್ಗಸೂಚಿ. ಆದರೆ ‘ಒಮೆಶಿಅಗರಿ ನಿ ನರು’, ಅಂದರೆ ಊಟ ಮಾಡುವುದು ಎಂಬಂಥ ಕೆಲವು ಜೋಡಿಗಳು ರೂಢಿಯಲ್ಲಿ ನೆಲೆ ನಿಂತಿರುವುದನ್ನೂ ಒಪ್ಪುತ್ತದೆ. ನಿಯಮ ಕಲಿತವರು ಜಪಾನಿಗರ ಮೇಲ್‌ನಲ್ಲಿ ಇಂಥದ್ದನ್ನು ಕಂಡ ಕೂಡಲೇ ತಪ್ಪೆಂದು ಗುರುತು ಹಾಕಬಾರದು.

ವಸ್ತುಗಳನ್ನು ಮರೆಯಬಾರದು. ಬದಲಿ ಬಟ್ಟಲು ‘ತಲುಪುತ್ತದೆ’ ಎಂಬ ಕ್ರಿಯೆಯ ಕರ್ತೃ ಬಟ್ಟಲು. ಅದನ್ನು ಎತ್ತುವುದೂ ಬೇಡ, ಇಳಿಸುವುದೂ ಬೇಡ: ‘ತೊದೊಕಿಮಸು’ ಎಂದು ಸೌಜನ್ಯರೂಪದಲ್ಲಿ ಹೇಳಿದರೆ ಮುಗಿಯಿತು. ದಿನಾಂಕ, ಬೆಲೆ, ಬಣ್ಣ, ಅಳತೆ ಹೇಳುವ ವಾಕ್ಯಗಳೆಲ್ಲ ಹೀಗೆ ಸಾದಾ ಇದ್ದಾಗಲೇ, ಗ್ರಾಹಕರ ಬಗೆಗಿನ ಎರಡು ಮೂರು ಗೌರವರೂಪಗಳು ಎದ್ದು ಕಾಣುತ್ತವೆ. ಎಲ್ಲವನ್ನೂ ಎತ್ತಿದ ಮೇಲ್‌ನಲ್ಲಿ ಯಾರೂ ಎತ್ತರವಾಗಿ ಕಾಣುವುದಿಲ್ಲ.

ತಿದ್ದುವ ಕೆಲಸಕ್ಕೆ ಒಂದು ಸರಳ ಕ್ರಮವಿದೆ. ಕರಡನ್ನು ಮುದ್ರಿಸಿ, ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. ಪಕ್ಕದಲ್ಲಿ ಆ ಕೆಲಸ ಗ್ರಾಹಕರದ್ದೋ, ನಮ್ಮದೋ, ವಸ್ತುವಿನದೋ ಎಂದು ಬರೆಯಿರಿ. ನಮ್ಮದು ಎಂಬುದರಲ್ಲಿ ಮುಖ್ಯಸ್ಥರೂ ಸೇರಿದರು, ನಮ್ಮ ಪರವಾಗಿ ಹೋಗುವ ಕೊರಿಯರ್‌ನವರೂ ಸೇರಿದರು. ಆಮೇಲೆ ರೂಪವನ್ನು ಅದಕ್ಕೆ ಹೋಲಿಸಿ. ಎತ್ತರ ತಗ್ಗಿನ ವಿಚಾರವನ್ನು ಇದಾದ ಮೇಲೆಯೇ ಕೈಗೆತ್ತಿಕೊಳ್ಳಿ, ಏಕೆಂದರೆ ದಿಕ್ಕು ತಪ್ಪಿದ ಪದವನ್ನು ಎಷ್ಟು ಮೃದು ಮಾಡಿದರೂ ಅದು ನೇರವಾಗುವುದಿಲ್ಲ.

ಹೀಗೆ ತಿದ್ದಿದ ನಮ್ಮ ಮೇಲ್ ಕನ್ನಡದಲ್ಲಿ ಸುಮಾರು ಹೀಗಿರುತ್ತದೆ: ‘ತನಾಕಾ ಸಮಾ, ನಮ್ಮ ಅಂಗಡಿಯಿಂದ ಕೊಂಡಿದ್ದಕ್ಕೆ ಕೃತಜ್ಞತೆ. ಕಳಿಸಿಕೊಟ್ಟ ಫೋಟೊ ನೋಡಿದೆವು. ಒಡೆದ ಬಟ್ಟಲು ತಲುಪಿದ್ದಕ್ಕೆ ನಿಜಕ್ಕೂ ಕ್ಷಮೆ ಕೇಳುತ್ತೇವೆ. ವಿಭಾಗದ ಮುಖ್ಯಸ್ಥ ಸುಜುಕಿಯೂ ಕ್ಷಮೆ ಕೋರುತ್ತಿದ್ದಾರೆ. ಬದಲಿ ಬಟ್ಟಲನ್ನು ಇಂದೇ ಕಳಿಸುತ್ತೇವೆ, ನಾಡಿದ್ದು ತಲುಪುತ್ತದೆ. ತೊಂದರೆ ಕೊಡುತ್ತಿದ್ದೇವೆ, ಒಡೆದದ್ದನ್ನು ಒಯ್ಯಲು ಕೊರಿಯರ್‌ನವರು ಬರುವವರೆಗೆ ಇಟ್ಟುಕೊಂಡಿರಲು ಸಾಧ್ಯವೇ? ಬೇರೇನಿದ್ದರೂ ಸಂಕೋಚವಿಲ್ಲದೆ ತಿಳಿಸಿ.’ ಇದರ ಜಪಾನಿ ರೂಪದಲ್ಲಿ ‘ಕೊಂಡಿದ್ದು’, ‘ಕಳಿಸಿಕೊಟ್ಟದ್ದು’, ‘ಇಟ್ಟುಕೊಳ್ಳುವುದು’ ಈ ಮೂರೂ ‘ಇತದಕು’ ಸೇರಿ ಬರುತ್ತವೆ. ‘ನೋಡಿದೆವು’, ‘ಕೋರುತ್ತಿದ್ದಾರೆ’, ‘ಕಳಿಸುತ್ತೇವೆ’, ‘ಬರುವವರೆಗೆ’ ಎಂಬವು ವಿನಯರೂಪ. ‘ತಲುಪುತ್ತದೆ’ ಸಾದಾ. ‘ಕೋರುತ್ತಿದ್ದಾರೆ’ ಎಂದು ನಾನು ಕನ್ನಡದಲ್ಲಿ ಬರೆದದ್ದು ನಮ್ಮ ಕಿವಿಗೆ. ಜಪಾನಿಯಲ್ಲಿ ಅದು ‘ಮೋಶಿತೆ ಒರಿಮಸು’.

ತನಾಕಾ ಅವರು ಇದಕ್ಕೆ ಎರಡು ಸಾಲಿನ ಹಗುರ ಉತ್ತರ ಬರೆದರೆ, ಮುಂದಿನ ಮೇಲ್‌ನಲ್ಲಿ ‘ಗೊಜೈಮಸು’ಗಳನ್ನು ಕಡಿಮೆ ಮಾಡಿ ‘ದೆಸು’, ‘ಮಸು’ಗಳಿಗೆ ಇಳಿಯಬಹುದು. ಎತ್ತರ ಇಳಿದರೂ ದಿಕ್ಕು ಮಾತ್ರ ಬದಲಾಗಬಾರದು. ಅಂಗಡಿಗೆ ತನ್ನದೇ ಮಾದರಿ ಪತ್ರಗಳಿದ್ದರೆ ಅವುಗಳ ಎತ್ತರವನ್ನೇ ಅನುಸರಿಸುವುದು ಒಳ್ಳೆಯದು. ಒಂದೇ ಅಂಗಡಿಯಿಂದ ಬರುವ ಮೇಲ್‌ಗಳು ಒಂದೊಂದು ಸ್ವರದಲ್ಲಿದ್ದರೆ ಗ್ರಾಹಕರಿಗೆ ಗಲಿಬಿಲಿ.

ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಒಂದು ಮಾತು: ಮೇಲ್ ಕಳಿಸುವ ಮುಂಚೆ ಒಂದೇ ತಪಾಸಣೆಗೆ ಸಮಯವಿದ್ದರೆ, ‘ಒ’ ಅಥವಾ ‘ಗೊ’ದಿಂದ ಶುರುವಾಗಿ ‘ಸುರು’, ‘ಶಿತ’, ‘ಶಿತೆ’, ‘ದೆಕಿರು’ ಎಂದು ಮುಗಿಯುವ ಪ್ರತಿ ಪದವನ್ನೂ ಹುಡುಕಿ, ಆ ಕೆಲಸ ಮಾಡುವವರು ನೀವೇ ಎಂದು ಖಚಿತಪಡಿಸಿಕೊಳ್ಳಿ.